ಏದುಸಿರು ಎರಡು ಬಗೆ

ನಮ್ಮ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಕಡೆಯ ಮನೆಗಳಲ್ಲಿ ಉಸಿರಿನ ತೊಂದರೆಗೆ ಹಲವು ಹೆಸರುಗಳಿವೆ. ಉಬ್ಬಸ ಎನ್ನುತ್ತಾರೆ, ಗೂರಲು ಎನ್ನುತ್ತಾರೆ, ದಮ್ಮು ಎನ್ನುತ್ತಾರೆ. ನಮ್ಮ ಮನೆಮಾತಿನಲ್ಲಿ ‘ದಮ್ ಚಡ್ತಾ’ ಎಂದು ಹೇಳಿದರೆ ಮುಗಿಯಿತು. ಹೆಸರು ಯಾವುದಾದರೂ ಔಷಧಿ ಅಂಗಡಿಯಲ್ಲಿ ಕೊಡುವ ಮಾತ್ರೆ ಮಾತ್ರ ಸಾಮಾನ್ಯವಾಗಿ ಒಂದೇ. ಆದರೆ ಏದುಸಿರು ಒಂದೇ ಬಗೆಯದಲ್ಲ. ಈ ಎರಡು ಬಗೆಗಳನ್ನು ಬೇರೆ ಮಾಡಿ ನೋಡದಿದ್ದರೆ ಏನಾಗುತ್ತದೆ ಎಂಬುದನ್ನು ನನ್ನ ಬಳಿ ಬಂದ ಇಬ್ಬರ ಉದಾಹರಣೆಯಿಂದ ಹೇಳುತ್ತೇನೆ. ಅವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮೊದಲನೆಯವರು ಕೊರಟಗೆರೆ ಕಡೆಯ ಕಲ್ಲು ಕೆಲಸದವರು, ವಯಸ್ಸು 52. ಇಪ್ಪತ್ತೈದು ವರ್ಷ ಬಂಡೆಗೆ ಕುಳಿ ಕೊರೆದು, ಚಪ್ಪಡಿ ಸೀಳಿ ಬದುಕಿದವರು. ಎರಡನೆಯವರು ಸಿರಾ ಕಡೆಯ ತಾಯಿ, ವಯಸ್ಸು 58. ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತ, ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಸೌದೆ ಒಲೆ ಊದುತ್ತ ಮೂರು ಮಕ್ಕಳನ್ನು ಬೆಳೆಸಿದವರು. ಇಬ್ಬರೂ ಹೇಳಿದ್ದು ಒಂದೇ ಮಾತು: “ಡಾಕ್ಟರ್ ಸಾಬ್, ನಾಲ್ಕು ಮೆಟ್ಲು ಹತ್ತಿದ್ರೆ ಉಸಿರು ಸಾಲದು.”

ಅವರಿಗೆ ತಿಳಿಯದಂತೆ, ನಾಡಿ ನೋಡುವ ನೆಪದಲ್ಲಿ ಒಂದು ನಿಮಿಷ ಅವರ ಉಸಿರನ್ನು ಎಣಿಸಿದೆ. ಕಲ್ಲು ಕೆಲಸದವರು ನಿಮಿಷಕ್ಕೆ 34 ಬಾರಿ ಉಸಿರಾಡುತ್ತಿದ್ದರು. ಚಿಕ್ಕ ಚಿಕ್ಕ ಉಸಿರು, ಸದ್ದೇ ಇಲ್ಲ. ಬೀಡಿ ಕಟ್ಟುವ ತಾಯಿಯ ಎಣಿಕೆ ಕೇವಲ 18. ಆದರೆ ಪ್ರತಿ ಉಸಿರು ಹೊರಹೋಗುವಾಗ ಉದ್ದಕ್ಕೆ ಎಳೆಯುತ್ತಿತ್ತು, ಎದೆಯಲ್ಲಿ ಸುಯ್ ಎಂಬ ಸದ್ದು ಬರುತ್ತಿತ್ತು. ಯಾರೂ ಹೇಳಿಕೊಡದಿದ್ದರೂ ಅವರು ಸೀಟಿ ಊದುವವರಂತೆ ತುಟಿ ಕಿರಿದು ಮಾಡಿ ಗಾಳಿ ಬಿಡುತ್ತಿದ್ದರು. ದೂರು ಒಂದೇ ಆದರೂ ಇಬ್ಬರ ದೇಹವೂ ಬೇರೆ ಬೇರೆ ದಾರಿ ಹಿಡಿದಿತ್ತು. ಯಾಕೆ?

ಉಸಿರಾಟವೂ ಒಂದು ದುಡಿಮೆ

ನಾವು ಉಸಿರನ್ನು ಒಳಗೆ ತಳ್ಳುವುದಿಲ್ಲ, ಎಳೆಯುತ್ತೇವೆ. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಅಗಲವಾದ ಸ್ನಾಯು ಕೆಳಗಿಳಿಯುತ್ತದೆ, ಪಕ್ಕೆಲುಬುಗಳು ಮೇಲೇಳುತ್ತವೆ, ಎದೆಗೂಡು ಹಿಗ್ಗುತ್ತದೆ. ಅದರೊಡನೆ ಶ್ವಾಸಕೋಶವೂ ಹಿಗ್ಗಿ ಗಾಳಿ ಒಳಗೆ ಬರುತ್ತದೆ. ಈ ಎಳೆತಕ್ಕೆ ಎರಡು ಕಡೆಯಿಂದ ತಡೆ ಇದೆ.

ಒಂದು ಹಿಗ್ಗಿಸುವ ಕೆಲಸ. ಶ್ವಾಸಕೋಶ ರಬ್ಬರಿನಂತೆ ತನ್ನಷ್ಟಕ್ಕೆ ಕುಗ್ಗಲು ನೋಡುತ್ತದೆ. ಅದನ್ನು ಹಿಗ್ಗಿಸಲು ಬಲ ಬೇಕು. ಇನ್ನೊಂದು ಗಾಳಿಯನ್ನು ದಾರಿಯಲ್ಲಿ ಸಾಗಿಸುವ ಕೆಲಸ. ಮೂಗಿನಿಂದ ಗಾಳಿಗೂಡುಗಳವರೆಗೆ ಕವಲು ಕವಲಾಗಿ ಹರಡಿದ ಕೊಳವೆಗಳಲ್ಲಿ ಗಾಳಿ ಉಜ್ಜಿಕೊಂಡು ಹರಿಯುತ್ತದೆ. ಆ ಘರ್ಷಣೆಯನ್ನು ಗೆಲ್ಲಲೂ ಬಲ ಬೇಕು.

ಇವೆರಡಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಹಿಗ್ಗಿಸಲು ಹಾಕಿದ ಶ್ರಮ ರಬ್ಬರಿನಲ್ಲಿ ಕೂಡಿಟ್ಟ ಹಣದಂತೆ ಉಳಿಯುತ್ತದೆ. ಉಸಿರು ಬಿಡುವಾಗ ಶ್ವಾಸಕೋಶ ತಾನಾಗಿಯೇ ಕುಗ್ಗಿ, ಆ ಹಣದಲ್ಲೇ ಗಾಳಿಯನ್ನು ಹೊರಗೆ ಕಳಿಸುತ್ತದೆ. ಅದಕ್ಕೇ ಆರೋಗ್ಯವಂತರು ಸುಮ್ಮನೆ ಕೂತಾಗ ಉಸಿರು ಬಿಡಲು ಏನೂ ಶ್ರಮಪಡಬೇಕಾಗಿಲ್ಲ. ಆದರೆ ದಾರಿಯ ಘರ್ಷಣೆಗೆ ಹಾಕಿದ ಶ್ರಮ ಬಿಸಿಯಾಗಿ ಕಳೆದುಹೋಗುತ್ತದೆ, ಮರಳಿ ಬರುವುದಿಲ್ಲ.

ಅಲ್ಲಾಹನು ಈ ಯಂತ್ರವನ್ನು ಎಷ್ಟು ಮಿತವ್ಯಯದಿಂದ ನಡೆಯುವಂತೆ ಮಾಡಿದ್ದಾನೆಂದರೆ, ವಿಶ್ರಾಂತಿಯಲ್ಲಿ ದೇಹ ಬಳಸುವ ಆಮ್ಲಜನಕದಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಮಾತ್ರ ಉಸಿರಾಟದ ಸ್ನಾಯುಗಳಿಗೆ ಸಾಕು. ಅದಕ್ಕೇ ನಮಗೆ ಉಸಿರಾಡುತ್ತಿರುವುದೇ ಗೊತ್ತಾಗುವುದಿಲ್ಲ. ರೋಗ ಬಲಿತಾಗ ಇದೇ ಖರ್ಚು ಕಾಲು ಪಾಲಿಗೆ ಏರಬಹುದು. ಕೂತಲ್ಲೇ ಕೂತು ರೋಗಿ ದಣಿಯುವುದು, ಊಟ ಮಾಡಿದರೂ ಮೈ ಇಳಿಯುವುದು ಈ ಕಾರಣಕ್ಕೂ ಹೌದು.

ಗಡುಸಾದ ಶ್ವಾಸಕೋಶ: ಕಲ್ಲು ಕೆಲಸದವರ ಕಥೆ

ಬಂಡೆ ಕೊರೆಯುವಾಗ, ಜಲ್ಲಿ ಒಡೆಯುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಕಣ್ಣಿಗೆ ಕಾಣುವ ದಪ್ಪ ಧೂಳು ಮೂಗಿನಲ್ಲಿ, ಗಂಟಲಲ್ಲಿ ನಿಂತುಬಿಡುತ್ತದೆ. ಕಣ್ಣಿಗೆ ಕಾಣದ ನುಣ್ಣನೆಯ ಧೂಳು ಮಾತ್ರ ಗಾಳಿಗೂಡಿನ ತನಕ ಹೋಗುತ್ತದೆ. ಅಲ್ಲಿ ಅದು ಕರಗದು, ಹೊರಗೂ ಬಾರದು. ಅದರ ಸುತ್ತ ಗಾಯದ ಕಲೆಯಂತಹ ಗಡುಸು ನಾರು ಬೆಳೆಯುತ್ತದೆ. ಇದೇ ಸಿಲಿಕೋಸಿಸ್. ನಮ್ಮ ರಾಜ್ಯಕ್ಕೆ ಇದು ಹೊಸತಲ್ಲ. ಕೋಲಾರದ ಚಿನ್ನದ ಗಣಿಯ ಕಾರ್ಮಿಕರಲ್ಲಿ 1940ರ ದಶಕದಲ್ಲೇ ಇದನ್ನು ಗುರುತಿಸಲಾಗಿತ್ತು.

ನಾರು ಬೆಳೆದ ಶ್ವಾಸಕೋಶ ಹೊಸ ಟ್ಯೂಬಿನಂತೆ ಗಡುಸು. ಎಷ್ಟು ಗಡುಸು ಎಂಬುದನ್ನು ಒಂದು ಲೋಟ ನೀರು, ಒಂದು ಸ್ಟ್ರಾ ಇಟ್ಟುಕೊಂಡು ಊಹಿಸಿಕೊಳ್ಳಿ. ಸ್ಟ್ರಾದಲ್ಲಿ ನೀರನ್ನು ಒಂದು ಸೆಂಟಿಮೀಟರ್ ಮೇಲೆಳೆಯುವಷ್ಟು ಬಲ ಹಾಕಿದರೆ ಆರೋಗ್ಯವಂತ ಶ್ವಾಸಕೋಶ ಸುಮಾರು 200 ಮಿಲಿಲೀಟರ್ ಹಿಗ್ಗುತ್ತದೆ. ನಾವು ಒಂದು ಸಲ ಎಳೆಯುವ ಉಸಿರು ಸುಮಾರು 500 ಮಿಲಿಲೀಟರ್. ಅಂದರೆ ಎರಡೂವರೆ ಸೆಂಟಿಮೀಟರ್ ಎಳೆತ ಸಾಕು. ರೋಗ ಬಲಿತು ಅದೇ ಬಲಕ್ಕೆ 50 ಮಿಲಿಲೀಟರ್ ಮಾತ್ರ ಹಿಗ್ಗುವಂತಾದರೆ, ಅದೇ ಉಸಿರಿಗೆ 10 ಸೆಂಟಿಮೀಟರ್ ಎಳೆಯಬೇಕು. ಹಗಲೂ ರಾತ್ರಿ, ಪ್ರತಿ ಉಸಿರಿಗೂ ನಾಲ್ಕು ಪಟ್ಟು.

ಈಗ ಅವರ ದೇಹ ಮಾಡಿದ ಉಪಾಯ ನೋಡಿ. ರಬ್ಬರನ್ನು ಹೆಚ್ಚು ಎಳೆದಷ್ಟೂ ಅದು ಇನ್ನಷ್ಟು ಬಿಗಿಯಾಗುತ್ತದೆ. ಉಸಿರಿನ ಗಾತ್ರ ಎರಡು ಪಟ್ಟಾದರೆ ಹಿಗ್ಗಿಸುವ ಶ್ರಮ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಚಿಕ್ಕ ಉಸಿರನ್ನು ಹೆಚ್ಚು ಸಲ ಎಳೆಯುವುದೇ ಲಾಭ. 300 ಮಿಲಿಲೀಟರ್ ಎಳೆದರೆ 10 ಸೆಂಟಿಮೀಟರ್ ಬದಲು 6 ಸೆಂಟಿಮೀಟರ್ ಬಲ ಸಾಕು.

ಹಾಗಾದರೆ ಇನ್ನೂ ಚಿಕ್ಕದಾಗಿ, ಇನ್ನೂ ವೇಗವಾಗಿ ಉಸಿರಾಡಬಾರದೇ? ಇದಕ್ಕೆ ಪಾವಗಡದ ಕಡೆಯ ಶೇಂಗಾ ಬೆಳೆಗಾರರಿಗೆ ಉತ್ತರ ಗೊತ್ತು. ಬೋರ್‌ವೆಲ್‌ನಿಂದ ಹೊಲಕ್ಕೆ ಉದ್ದದ ಪೈಪ್ ಇದೆ. ಕರೆಂಟ್ ಬಂದಾಗ ಮೊದಲ ನೀರು ಪೈಪ್ ತುಂಬಲು ಹೋಗುತ್ತದೆ, ಆಮೇಲೆ ಬೆಳೆಗೆ. ಕರೆಂಟ್ ಘಳಿಗೆಗೊಮ್ಮೆ ಹೋಗಿ ಬಂದು, ಪ್ರತಿ ಸಲ ಪೈಪ್ ಬರಿದಾಗುತ್ತಿದ್ದರೆ ಮೋಟಾರ್ ಓಡಿದರೂ ಬೆಳೆ ಒಣಗುತ್ತದೆ. ನಮ್ಮ ಉಸಿರಿನ ದಾರಿಯೂ ಹಾಗೆಯೇ. ಪ್ರತಿ ಉಸಿರಿನಲ್ಲಿ ಸುಮಾರು 150 ಮಿಲಿಲೀಟರ್ ಗಾಳಿ ಕೊಳವೆಗಳಲ್ಲೇ ಉಳಿಯುತ್ತದೆ. ಗಾಳಿಗೂಡು ತಲುಪಿ ರಕ್ತಕ್ಕೆ ಆಮ್ಲಜನಕ ಕೊಡುವುದು ಮಿಕ್ಕಿದ್ದು ಮಾತ್ರ.

ಲೆಕ್ಕ ಹಾಕೋಣ. 500 ಮಿಲಿಲೀಟರಿನ ಉಸಿರು ನಿಮಿಷಕ್ಕೆ 15 ಸಲ ಎಳೆದರೆ ಗಾಳಿಗೂಡು ತಲುಪುವುದು ಒಂದೊಂದು ಸಲಕ್ಕೆ 350, ನಿಮಿಷಕ್ಕೆ 5,250 ಮಿಲಿಲೀಟರ್. ಇಷ್ಟೇ ಗಾಳಿಯನ್ನು 300ರ ಉಸಿರಿನಿಂದ ತಲುಪಿಸಬೇಕಾದರೆ ಪ್ರತಿ ಸಲ 150 ಮಾತ್ರ ತಲುಪುವುದರಿಂದ 35 ಉಸಿರು ಬೇಕು. ಮೊದಲ ರೀತಿಯಲ್ಲಿ ಹಿಗ್ಗಿಸುವ ಶ್ರಮ 100 ಎಂದಿಟ್ಟುಕೊಂಡರೆ, ಎರಡನೆಯದರಲ್ಲಿ ಅದು 84. ಇನ್ನೂ ಚಿಕ್ಕದಾಗಿ 250ಕ್ಕೆ ಇಳಿಸಿದರೆ 52 ಉಸಿರು ಬೇಕಾಗಿ ಶ್ರಮ 87ಕ್ಕೆ ಏರುತ್ತದೆ. ಅಂದರೆ ಅತ್ಯಂತ ಕಡಿಮೆ ಖರ್ಚಿನ ದಾರಿ 35ರ ಆಸುಪಾಸಿನಲ್ಲಿದೆ. ನಾನು ಎಣಿಸಿದ್ದು 34! ಕಾಗದ ಪೆನ್ಸಿಲ್ ಹಿಡಿಯದ ಅವರ ದೇಹ ಈ ಲೆಕ್ಕವನ್ನು ತಾನೇ ಮಾಡಿಕೊಂಡಿತ್ತು. ನಿಜವಾದ ಎದೆಯಲ್ಲಿ ಲೆಕ್ಕ ಇಷ್ಟು ಅಚ್ಚುಕಟ್ಟಾಗಿ ಕೂಡುವುದಿಲ್ಲ. ಆದರೆ ದಿಕ್ಕು ಇದೇ.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಮೊದಲ ಭೇಟಿಯಲ್ಲಿ ನಾನು ಕೆಮ್ಮಿಗೆ ಮಾತ್ರ ಕಿವಿಗೊಟ್ಟು ಲಊಕ್ ಸಪಿಸ್ತಾನ್ ಕೊಟ್ಟು, “ಭಾಯಿ, ದಿನಾ ದೀರ್ಘ ಉಸಿರು ಎಳೆಯಿರಿ” ಎಂದು ಹೇಳಿ ಕಳಿಸಿದ್ದೆ. ಗಂಟಲ ಕೆರೆತ ಕಡಿಮೆಯಾಯಿತು, ಏದುಸಿರು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ದೀರ್ಘ ಉಸಿರು ಎಳೆದಾಗಲೆಲ್ಲ ಅವರು ಇನ್ನಷ್ಟು ಬಳಲಿದರು. ಗಡುಸಾದ ರಬ್ಬರನ್ನು ಇನ್ನೂ ಎಳೆ ಎಂದು ನಾನೇ ಹೇಳಿದ್ದೆ. ಎರಡು ತಿಂಗಳ ಮೇಲೆ, ಅವರ ಕೈಯ ದಡ್ಡು ಕಂಡು ಕೆಲಸವೇನೆಂದು ಕೇಳಿದ ಮೇಲೆಯೇ ನನಗೆ ಹೊಳೆದದ್ದು.

ಕಿರಿದಾದ ದಾರಿ: ಬೀಡಿ ಕಟ್ಟುವ ತಾಯಿಯ ಕಥೆ

ನಮ್ಮ ಯುನಾನಿ ಗ್ರಂಥಗಳಲ್ಲಿ ಉಬ್ಬಸಕ್ಕೆ ‘ಜೀಖುನ್ನಫಸ್’ ಎಂಬ ಹೆಸರಿದೆ. ಜೀಖ್ ಎಂದರೆ ಇಕ್ಕಟ್ಟು, ನಫಸ್ ಎಂದರೆ ಉಸಿರು. ಈ ತಾಯಿಯ ವಿಷಯದಲ್ಲಿ ಹೆಸರು ಅಕ್ಷರಶಃ ನಿಜ. ಅವರ ಶ್ವಾಸಕೋಶ ಗಡುಸಾಗಿರಲಿಲ್ಲ. ವರ್ಷಗಟ್ಟಲೆ ಒಲೆಯ ಹೊಗೆ, ತಂಬಾಕಿನ ಧೂಳು ತಿಂದ ಕೊಳವೆಗಳು ಒಳಗಿನಿಂದ ಊದಿಕೊಂಡು, ಕಫ ಕಟ್ಟಿ ಕಿರಿದಾಗಿದ್ದವು.

ಕೊಳವೆ ಸ್ವಲ್ಪ ಕಿರಿದಾದರೆ ತಡೆ ಸ್ವಲ್ಪ ಹೆಚ್ಚುತ್ತದೆ ಎಂದು ತಿಳಿಯಬೇಡಿ. ಗಾಳಿ ನಯವಾಗಿ ಹರಿಯುವ ಕೊಳವೆಯ ಅಗಲ ಅರ್ಧವಾದರೆ ತಡೆ ಎರಡು ಪಟ್ಟಲ್ಲ, ಹದಿನಾರು ಪಟ್ಟಾಗುತ್ತದೆ. ನಾಲ್ಕು ಮಿಲಿಮೀಟರ್ ಅಗಲದ ಕೊಳವೆ ಮೂರಕ್ಕೆ ಇಳಿದರೂ ತಡೆ ಮೂರು ಪಟ್ಟು ಮೀರುತ್ತದೆ. ನೆಗಡಿ ಬಂದ ದಿನ ಉಬ್ಬಸದವರು ಇದ್ದಕ್ಕಿದ್ದಂತೆ ಕುಸಿಯುವುದು ಇದಕ್ಕೇ. ಇನ್‌ಹೇಲರಿನಿಂದ ದಾರಿ ಕೂದಲೆಳೆಯಷ್ಟು ಅಗಲವಾದರೂ ಹಾಯೆನಿಸುವುದೂ ಇದಕ್ಕೇ.

ಈ ತಡೆ ಗಾಳಿಯ ವೇಗಕ್ಕೆ ತಕ್ಕಂತೆ ಏರುತ್ತದೆ. ಗಾಳಿಯನ್ನು ಬೇಗ ಬೇಗ ತಳ್ಳಿದಷ್ಟೂ ಶ್ರಮ ಹೆಚ್ಚು. ಆದ್ದರಿಂದ ಈ ತಾಯಿಯ ದೇಹ ಕಲ್ಲು ಕೆಲಸದವರ ದೇಹಕ್ಕೆ ತದ್ವಿರುದ್ಧ ದಾರಿ ಹಿಡಿಯಿತು: ನಿಧಾನವಾಗಿ ಎಳೆ, ಇನ್ನೂ ನಿಧಾನವಾಗಿ ಬಿಡು.

ಕೂತಾಗ ಇದು ಸಾಕಾಗುತ್ತದೆ. ನಿಮಿಷಕ್ಕೆ 18 ಉಸಿರಾದರೆ ಒಂದೊಂದಕ್ಕೆ ಮೂರು ಸೆಕೆಂಡಿಗಿಂತ ಹೆಚ್ಚು ಸಮಯ ಸಿಗುತ್ತದೆ. ಅದರಲ್ಲಿ ಎರಡು ಸೆಕೆಂಡಿಗೂ ಮಿಕ್ಕಿ ಗಾಳಿ ಬಿಡಲು ಉಳಿಯುತ್ತದೆ. ಮೆಟ್ಟಿಲು ಹತ್ತುವಾಗ ಉಸಿರು 30ಕ್ಕೆ ಏರಿದರೆ ಒಟ್ಟು ಸಮಯವೇ ಎರಡು ಸೆಕೆಂಡು. ಹಳೆಯ ಗಾಳಿ ಪೂರ್ತಿ ಹೊರಹೋಗುವ ಮುಂಚೆಯೇ ಹೊಸ ಉಸಿರು ಎಳೆಯಬೇಕಾಗುತ್ತದೆ. ಒಂದೊಂದು ಉಸಿರಿಗೆ 50 ಮಿಲಿಲೀಟರ್ ಉಳಿದುಕೊಂಡರೂ ಹತ್ತು ಉಸಿರಿಗೆ ಅರ್ಧ ಲೀಟರ್. ಎದೆ ಪೀಪಾಯಿಯಂತೆ ಉಬ್ಬುತ್ತದೆ, ವಪೆ ಕೆಳಗೆ ತಳ್ಳಲ್ಪಟ್ಟು ಚಪ್ಪಟೆಯಾಗುತ್ತದೆ. ಆಗಲೇ ಅರ್ಧ ಊದಿದ ಬಲೂನನ್ನು ಮತ್ತೆ ಊದಬೇಕಾದ ಸ್ಥಿತಿ ಅದು. ಹೀಗೆ ದಾರಿಯ ರೋಗವಾಗಿ ಶುರುವಾದದ್ದು ಹಿಗ್ಗಿಸುವ ಶ್ರಮವನ್ನೂ ಹೆಚ್ಚಿಸುತ್ತದೆ. ರೋಗಿಗೆ “ಉಸಿರು ಒಳಗೆ ಹೋಗ್ತಿಲ್ಲ” ಎನಿಸುತ್ತದೆ. ನಿಜ ಏನೆಂದರೆ ಹೊರಗೆ ಹೋಗಿಲ್ಲ.

ಅವರು ತುಟಿ ಕಿರಿದು ಮಾಡಿ ಊದುತ್ತಿದ್ದುದರ ಅರ್ಥ ಈಗ ತಿಳಿಯುತ್ತದೆ. ತುಟಿಯಲ್ಲಿ ಸ್ವಲ್ಪ ತಡೆ ಹಾಕಿದರೆ ಕೊಳವೆಗಳ ಒಳಗೆ ಸ್ವಲ್ಪ ಒತ್ತಡ ಉಳಿಯುತ್ತದೆ. ಉಸಿರು ಬಿಡುವಾಗ ಮುಚ್ಚಿಕೊಳ್ಳಲು ನೋಡುವ ಸಡಿಲ ಕೊಳವೆಗಳು ತೆರೆದೇ ಇರುತ್ತವೆ. ಉಸಿರೂ ತಾನಾಗಿ ನಿಧಾನವಾಗುತ್ತದೆ.

ನೀವು ಮನೆಯಲ್ಲಿ ಏನು ನೋಡಬಹುದು

ಮನೆಯಲ್ಲಿ ಯಾರಿಗಾದರೂ ದಮ್ಮು ಇದ್ದರೆ ಅವರಿಗೆ ತಿಳಿಯದಂತೆ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ವಿಶ್ರಾಂತಿಯಲ್ಲಿರುವ ದೊಡ್ಡವರಿಗೆ 12ರಿಂದ 20 ಸಹಜ. ಉಸಿರು ಚಿಕ್ಕದೂ ವೇಗವೂ ಆಗಿದ್ದು ಸದ್ದಿಲ್ಲದಿದ್ದರೆ ಗಡುಸಿನ ಕಡೆ ಅನುಮಾನ ಪಡಿ. ಬಿಡುವ ಉಸಿರು ಎಳೆಯುವುದಕ್ಕಿಂತ ತುಂಬ ಉದ್ದವಾಗಿ, ಸದ್ದು ಬರುತ್ತಿದ್ದರೆ ದಾರಿಯ ಕಡೆ ಅನುಮಾನ ಪಡಿ.

ಇನ್ನೊಂದು ಪರೀಕ್ಷೆ: ಎಷ್ಟು ಸಾಧ್ಯವೋ ಅಷ್ಟು ಉಸಿರು ತುಂಬಿಕೊಂಡು, ಬಾಯಿ ಅಗಲ ತೆರೆದು ಜೋರಾಗಿ ಪೂರ್ತಿ ಬಿಡಲು ಹೇಳಿ, ಗಡಿಯಾರ ನೋಡಿ. ಗಾಳಿ ಬರುವುದು ಆರು ಸೆಕೆಂಡಾದರೂ ನಿಲ್ಲದಿದ್ದರೆ ದಾರಿ ಕಿರಿದಾಗಿರುವ ಸಂಭವ ಹೆಚ್ಚು. ಕೂತಲ್ಲೇ ಏದುಸಿರು ಇರುವವರಿಗೆ ಈ ಪರೀಕ್ಷೆ ಬೇಡ.

ಇವು ಅನುಮಾನಕ್ಕೆ ಮಾತ್ರ. ನಿರ್ಣಯಕ್ಕೆ ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆ ಬೇಕು. ಅದರಲ್ಲಿ ಒಟ್ಟು ಎಷ್ಟು ಗಾಳಿ ಬಿಟ್ಟರು, ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಬಿಟ್ಟರು ಎಂದು ಅಳೆಯುತ್ತಾರೆ. ಬೀಡಿ ಕಟ್ಟುವ ತಾಯಿ ಬಿಟ್ಟದ್ದು ಒಟ್ಟು 2 ಲೀಟರ್, ಮೊದಲ ಸೆಕೆಂಡಿನಲ್ಲಿ 0.9 ಮಾತ್ರ, ಅಂದರೆ ಅರ್ಧಕ್ಕೂ ಕಡಿಮೆ. ಸಾಮಾನ್ಯವಾಗಿ ನೂರಕ್ಕೆ 70ಕ್ಕಿಂತ ಕಡಿಮೆಯಿದ್ದರೆ ದಾರಿಯ ತಡೆ ಎನ್ನುತ್ತೇವೆ. ಕಲ್ಲು ಕೆಲಸದವರು ಒಟ್ಟು 1.8 ಲೀಟರ್ ಬಿಟ್ಟರು. ಅವರ ಎತ್ತರಕ್ಕೆ ಮೂರು ಲೀಟರ್ ಮೀರಬೇಕಿತ್ತು. ಆದರೆ ಅದರಲ್ಲಿ 1.5 ಲೀಟರ್ ಮೊದಲ ಸೆಕೆಂಡಿನಲ್ಲೇ ಹೊರಬಂತು. ದಾರಿ ಸರಿಯಿದೆ, ಚೀಲವೇ ಚಿಕ್ಕದಾಗಿದೆ. ಎದೆಯ ಎಕ್ಸ್‌ರೇ ಉಳಿದದ್ದನ್ನು ಹೇಳಿತು.

ಆಮೇಲೆ ಏನಾಯಿತು

ತಾಯಿಗೆ ದಾರಿ ಅಗಲಿಸುವ ಇನ್‌ಹೇಲರ್ ಶುರುವಾಯಿತು. ಸೌದೆ ಒಲೆ ಹೋಗಿ ಗ್ಯಾಸ್ ಬಂತು, ಬೀಡಿಯ ಮೊರವನ್ನು ಅಡುಗೆಮನೆಯಿಂದ ಗಾಳಿಯಾಡುವ ಪಡಸಾಲೆಗೆ ತಂದರು. ಮೆಟ್ಟಿಲು ಹತ್ತುವಾಗ ಒಂದು ಮೆಟ್ಟಿಲಿಗೆ ಉಸಿರು ಎಳೆದು, ನಿಂತು, ತುಟಿ ಕಿರಿದು ಮಾಡಿ ಬಿಟ್ಟು, ಮುಂದಿನದಕ್ಕೆ ಹೋಗುವುದನ್ನು ಕಲಿಸಿದೆ. ಏದುಸಿರು ಹೆಚ್ಚಾದಾಗ ಮುಂದಕ್ಕೆ ಬಾಗಿ ಕೂತು ಮೊಣಕೈಗಳನ್ನು ತೊಡೆಯ ಮೇಲಿಟ್ಟರೆ ಚಪ್ಪಟೆಯಾದ ವಪೆಗೆ ಮತ್ತೆ ಮೇಲೇಳಲು ಅವಕಾಶ ಸಿಗುತ್ತದೆ. ಕಿರಿದಾದ ದಾರಿ ಪೂರ್ತಿ ಮೊದಲಿನಂತಾಗಲಿಲ್ಲ. ಆದರೆ ಈಗ ಅವರು ಮಹಡಿಯ ಮೇಲಿನ ಮಗಳ ಮನೆಗೆ ಹೋಗಿ ಬರುತ್ತಾರೆ.

ಕಲ್ಲು ಕೆಲಸದವರಿಗೆ ಹೇಳಬೇಕಾದ ಮಾತು ಕಷ್ಟದ್ದಾಗಿತ್ತು. ಬೆಳೆದ ನಾರನ್ನು ಕರಗಿಸುವ ಔಷಧ ಯುನಾನಿಯಲ್ಲೂ ಇಲ್ಲ, ಅಲೋಪಥಿಯಲ್ಲೂ ಇಲ್ಲ. ಧೂಳು ಬಿಟ್ಟ ಮೇಲೂ ರೋಗ ಮುಂದುವರಿಯಬಹುದು, ಬಿಡದಿದ್ದರೆ ಬೇಗ ಮುಂದುವರಿಯುತ್ತದೆ. ಸಿಲಿಕಾ ತುಂಬಿದ ಶ್ವಾಸಕೋಶಕ್ಕೆ ಕ್ಷಯ ಬೇಗ ತಗಲುವುದರಿಂದ ಮೊದಲು ಕಫ ಪರೀಕ್ಷೆಗೆ ಕಳಿಸಿದೆ, ಆಮೇಲೆ ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಗೆ ಕಳಿಸಿದೆ. ಸಿಲಿಕೋಸಿಸ್ ಕಾನೂನಿನ ಪಟ್ಟಿಯಲ್ಲಿರುವ ವೃತ್ತಿರೋಗ. ಹಾಗಾಗಿ ಎಲ್ಲಿ, ಎಷ್ಟು ವರ್ಷ ದುಡಿದರು ಎಂಬ ದಾಖಲೆ, ಎಕ್ಸ್‌ರೇ, ವರದಿ ಎಲ್ಲವನ್ನೂ ಜೋಪಾನ ಮಾಡಿಡಲು ಹೇಳಿದೆ. ಅವರ ಮಗ ಈಗಲೂ ಕ್ವಾರಿಯಲ್ಲಿದ್ದಾನೆ. ಅವನಿಗೆ ಹೇಳಿದ್ದು: ಮುಖಕ್ಕೆ ಕಟ್ಟಿದ ಟವೆಲ್ ನುಣ್ಣನೆಯ ಧೂಳನ್ನು ತಡೆಯುವುದಿಲ್ಲ. ಕೊರೆಯುವಾಗ ನೀರು ಹಾಯಿಸಿದರೆ ಧೂಳು ಏಳುವುದೇ ಕಡಿಮೆ. ಅದರ ಜೊತೆಗೆ ಮುಖಕ್ಕೆ ಬಿಗಿಯಾಗಿ ಕೂರುವ ಧೂಳಿನ ಮಾಸ್ಕ್ ಬೇಕು.

ಅವರು ಬೇಸರದಿಂದ ಕೇಳಿದ್ದು ನಮಾಝಿನ ಬಗ್ಗೆ. ಸಜ್ದಾದಲ್ಲಿ ಹೊಟ್ಟೆ ವಪೆಯನ್ನು ಒತ್ತುವುದರಿಂದ ಉಸಿರು ಕಟ್ಟುತ್ತಿತ್ತು. ರೋಗಿ ಕುಳಿತು ಸನ್ನೆಯಿಂದ ನಮಾಝ್ ಮಾಡುವ ರಿಯಾಯಿತಿ ಶರೀಅತ್ತಿನಲ್ಲೇ ಇದೆ. ಅದನ್ನು ನಾಚಿಕೆಯಿಲ್ಲದೆ ಬಳಸಿಕೊಳ್ಳಿ ಎಂದೆ.

ಕೊನೆಗೆ ಎರಡು ಎಚ್ಚರಿಕೆ. ಯಾವ ಹೆಸರೂ ಇಲ್ಲದ ಪುಡಿ, ಚೀಟಿಯಿಲ್ಲದೆ ಸಿಗುವ ದಮ್ಮಿನ ಮಾತ್ರೆ ತಿಂಗಳುಗಟ್ಟಲೆ ನುಂಗಬೇಡಿ. ಅವುಗಳಲ್ಲಿ ಸ್ಟೀರಾಯ್ಡ್ ಇರಬಹುದು. ಅದು ಸಕ್ಕರೆ ಕಾಯಿಲೆ ತರುತ್ತದೆ, ಅಡಗಿರುವ ಕ್ಷಯವನ್ನು ಕೆದಕುತ್ತದೆ.

ಎರಡನೆಯದು ಜೀವದ ಪ್ರಶ್ನೆ. ಏದುಸಿರಿನವರ ಕೊರಳ ಸ್ನಾಯು ಎದ್ದು ಕಾಣುತ್ತಿದ್ದರೆ, ಪಕ್ಕೆಲುಬುಗಳ ನಡುವೆ ಚರ್ಮ ಒಳಸೇದುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಹೀಗೆ ಹೋರಾಡುತ್ತಿದ್ದವರು ಇದ್ದಕ್ಕಿದ್ದಂತೆ ನಿಧಾನವಾಗಿ ಉಸಿರಾಡತೊಡಗಿ, ಸದ್ದು ನಿಂತು, ಮಂಪರಿಗೆ ಜಾರಿದರೆ “ಅಲ್‌ಹಮ್ದುಲಿಲ್ಲಾಹ್, ಕಡಿಮೆಯಾಯಿತು, ಮಲಗಿದರು” ಎಂದು ಹೊದಿಕೆ ಹೊದಿಸಬೇಡಿ. ಉಸಿರಿನ ಸ್ನಾಯುಗಳು ದುಡಿದು ದುಡಿದು ಸೋತು ಕೈಚೆಲ್ಲುತ್ತಿರುವ ಗಳಿಗೆ ಅದು. ಆಗ ಅವರನ್ನು ಎಬ್ಬಿಸಿ ಕೂರಿಸಿ, ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.